ಯಂತ್ರಕ್ಕೆ ಹಾರ, ಓದುಗನಿಗೆ ಮರೆವು

ಪ್ರತಿ ವರ್ಷ ಜುಲೈ 1 ಬಂದಾಗ ಕನ್ನಡ ನಾಡಿನ ಸಭಾಂಗಣಗಳಲ್ಲಿ ಒಂದೇ ಕಥೆ ಮರುಕಳಿಸುತ್ತದೆ. 1843ರ ಆ ದಿನ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ ಕಲ್ಲಚ್ಚಿನಿಂದ 'ಮಂಗಳೂರ ಸಮಾಚಾರ'ವನ್ನು ಹೊರತಂದರು. ಅಲ್ಲಿಂದ ಅಚ್ಚು ಬೆಳೆಯಿತು, ಅಚ್ಚಿನಿಂದ ಅಕ್ಷರ ಹರಡಿತು, ಅಕ್ಷರದಿಂದ ರಾಜಕೀಯ ಪ್ರಜ್ಞೆ ಮೂಡಿತು, ಪ್ರಜ್ಞೆಯಿಂದ ಸ್ವಾತಂತ್ರ್ಯ ಬಂತು. ಕೇರಳದಲ್ಲಿ ಹೆಸರುಗಳು ಮಾತ್ರ ಬದಲಾಗುತ್ತವೆ. ಮೋಗ್ಲಿಂಗ್ ಇರುವಲ್ಲಿ ಬೆಂಜಮಿನ್ ಬೈಲಿ ಬರುತ್ತಾರೆ, ಮಂಗಳೂರು ಇರುವಲ್ಲಿ ಕೋಟ್ಟಯಂ ಬರುತ್ತದೆ. ಕೊಚ್ಚಿಯ ಪಾಲಾರಿವಟ್ಟಂನಲ್ಲಿ ನೆಲೆಸಿ, ಕಚೇರಿಯ ಕೆಲಸಕ್ಕಾಗಿ ಆಗಾಗ ತಿರುವನಂತಪುರಕ್ಕೆ ಓಡಾಡುವ ನಾನು ಈ ಕಥೆಯನ್ನು ಎರಡೂ ಭಾಷೆಗಳಲ್ಲಿ ಸಾಕಷ್ಟು ಬಾರಿ ಕೇಳಿದ್ದೇನೆ. ಕಥೆ ಅಂದವಾಗಿದೆ. ಆದರೆ ಅದರ ಕಾರ್ಯಕಾರಣ ಸಂಬಂಧ ತಲೆಕೆಳಗಾಗಿದೆ ಎಂಬುದು ನನ್ನ ವಾದ.

ಮೊದಲು ಒಂದು ಸರಳ ಪರೀಕ್ಷೆ. ಗುಂಡರ್ಟರ ಮಲಯಾಳಂ ನಿಘಂಟು 1872ರಲ್ಲಿ ಅಚ್ಚಾದದ್ದು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ. ಕಿಟೆಲ್ಲರ ಕನ್ನಡ ನಿಘಂಟು 1894ರಲ್ಲಿ ಅಚ್ಚಾದದ್ದೂ ಅಲ್ಲಿಯೇ. ಒಂದೇ ಸಂಸ್ಥೆ, ಒಂದೇ ಅಚ್ಚುಕೂಟ, ಒಂದೇ ಬಗೆಯ ಶ್ರದ್ಧೆ ಎರಡು ಭಾಷೆಗಳಿಗೂ ದೊರಕಿದ್ದವು. ಬೆಂಗಳೂರು ಮೈಸೂರುಗಳಲ್ಲಿಯೂ ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಅಚ್ಚುಕೂಟಗಳ ಕೊರತೆ ಇರಲಿಲ್ಲ. ಆದರೂ 1901ರ ಜನಗಣತಿಯಲ್ಲಿ ತಿರುವಾಂಕೂರಿನಲ್ಲಿ ನೂರಕ್ಕೆ ಹನ್ನೆರಡು ಮಂದಿ ಅಕ್ಷರಸ್ಥರಿದ್ದರೆ ಮೈಸೂರು ಸಂಸ್ಥಾನದಲ್ಲಿ ಆ ಸಂಖ್ಯೆ ಐದರ ಆಸುಪಾಸಿನಲ್ಲಿತ್ತು. ಯಂತ್ರವೇ ಅಕ್ಷರದ ತಾಯಿಯಾಗಿದ್ದರೆ ಒಂದೇ ತಾಯಿಯ ಇಬ್ಬರು ಮಕ್ಕಳಲ್ಲಿ ಇಷ್ಟು ಅಂತರ ಬಂದದ್ದು ಹೇಗೆ?

ಉತ್ತರವನ್ನು ಅಚ್ಚುಕೂಟದ ಹೊರಗೆ ಹುಡುಕಬೇಕು. ಬೈಲಿಯವರ ಸಿ.ಎಂ.ಎಸ್. ಮುದ್ರಣಾಲಯ ಕೋಟ್ಟಯಂನಲ್ಲಿ ಸ್ಥಾಪನೆಯಾದದ್ದು 1821ರಲ್ಲಿ. ಅದಕ್ಕೆ ನಾಲ್ಕು ವರ್ಷ ಮೊದಲೇ, 1817ರಲ್ಲಿ, ತಿರುವಾಂಕೂರಿನ ರಾಣಿ ಗೌರಿ ಪಾರ್ವತಿಬಾಯಿ ಪ್ರಜೆಗಳ ವಿದ್ಯಾಭ್ಯಾಸದ ವೆಚ್ಚವನ್ನು ಸರ್ಕಾರವೇ ಭರಿಸಬೇಕೆಂಬ ರಾಜಾಜ್ಞೆ ಹೊರಡಿಸಿದ್ದರು. ಅದಕ್ಕೂ ಬಹಳ ಹಿಂದಿನಿಂದ ಊರೂರಿನಲ್ಲಿ ಎಳುತ್ತುಪಳ್ಳಿಗಳಿದ್ದವು. ಆಶಾನ್ ಎನಿಸಿಕೊಂಡ ಗುರು ಮಕ್ಕಳ ಬೆರಳು ಹಿಡಿದು ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದ. ನಮ್ಮ ಕೂಲಿಮಠಗಳ ಐಗಳು ಮಾಡುತ್ತಿದ್ದುದೂ ಅದನ್ನೇ. ಬೈಲಿಯವರ ಅಚ್ಚುಕೂಟದಿಂದ 1824ರಲ್ಲಿ ಹೊರಬಂದ ಮೊದಲ ಪುಸ್ತಕ ಮಕ್ಕಳಿಗಾಗಿ ಅನುವಾದಿಸಿದ ಕಥೆಗಳದ್ದು ಎಂಬುದನ್ನು ಗಮನಿಸಿ. ಓದಬಲ್ಲ, ಅಥವಾ ಓದಲು ಕಲಿಯುತ್ತಿರುವ ಮಗು ಮೊದಲೇ ಇತ್ತು. ಪುಸ್ತಕ ಆ ಮಗುವನ್ನು ಹುಡುಕಿಕೊಂಡು ಬಂತು. ಮುಂದೆ 1860ರ ದಶಕದಲ್ಲಿ ತಿರುವಾಂಕೂರು ಸರ್ಕಾರ ಪಠ್ಯಪುಸ್ತಕ ಸಮಿತಿಯನ್ನು ರಚಿಸಿ, ಕೇರಳವರ್ಮ ವಲಿಯಕೋಯಿತ್ತಂಪುರಾನರಂತಹ ವಿದ್ವಾಂಸರಿಂದ ಮಲಯಾಳಂ ಗದ್ಯ ಪಾಠಗಳನ್ನು ಬರೆಯಿಸಿತು. ಅಚ್ಚಿಗೆ ಕೈತುಂಬ ಕೆಲಸ ಕೊಟ್ಟದ್ದು ಶಾಲೆ.

ಹಾಗಾದರೆ ಮುದ್ರಣ ಏನನ್ನೂ ಬದಲಿಸಲಿಲ್ಲವೆ? ಬದಲಿಸಿತು, ಮತ್ತು ಆ ಬದಲಾವಣೆ ಬಹಳ ಆಳವಾದದ್ದು. ಆದರೆ ಅದು ಅಕ್ಷರಸ್ಥರ ತಲೆಯೆಣಿಕೆಯಲ್ಲಿ ಕಾಣುವಂಥದ್ದಲ್ಲ. 'ಓದುವುದು' ಎಂಬ ಕ್ರಿಯೆಯ ಅರ್ಥವೇ ಬದಲಾಯಿತು.

ಓಲೆಗರಿಯ ಬರಹವನ್ನು ನೆನಪಿಸಿಕೊಳ್ಳಿ. ಕಂಟದಿಂದ ಕೊರೆದ ಆ ಸಾಲುಗಳಲ್ಲಿ ಪದಗಳ ನಡುವೆ ತೆರವಿಲ್ಲ, ವಿರಾಮಚಿಹ್ನೆಯಿಲ್ಲ. ಹಳೆಯ ಮಲಯಾಳಂ ಬರವಣಿಗೆಯಲ್ಲಿ ಎಕಾರ ಏಕಾರಗಳಿಗೆ, ಒಕಾರ ಓಕಾರಗಳಿಗೆ ಬೇರೆ ಬೇರೆ ಗುರುತುಗಳೂ ಇರಲಿಲ್ಲ. ಅಂಥ ಓಲೆಯನ್ನು ಸರಾಗವಾಗಿ ಓದಬಲ್ಲವನು ಸಾಮಾನ್ಯವಾಗಿ ಅದರಲ್ಲಿರುವುದನ್ನು ಮೊದಲೇ ಕಿವಿಯಿಂದ ಕೇಳಿದ್ದವನು. ರಾಮಾಯಣದ ಪದ್ಯ ಅವನ ನಾಲಗೆಯ ಮೇಲಿತ್ತು. ಓಲೆ ಅವನ ನೆನಪಿಗೆ ಊರುಗೋಲಾಗಿತ್ತು. ಓದು ಎಂದರೆ ತಿಳಿದದ್ದನ್ನು ಮತ್ತೆ ಹೇಳುವುದು.

ಅಚ್ಚು ಈ ಊರುಗೋಲನ್ನು ಕಿತ್ತುಕೊಂಡಿತು. ಪದಗಳ ನಡುವೆ ತೆರವು ಬಂತು, ವಾಕ್ಯದ ಕೊನೆಗೆ ಚುಕ್ಕಿ ಬಂತು, ಹ್ರಸ್ವ ದೀರ್ಘಗಳು ಬೇರೆಯಾದವು. ಚೌಕನೆಯ ಅಚ್ಚುಮೊಳೆಗಳನ್ನು ಬಿಟ್ಟು ಬೈಲಿ ದುಂಡನೆಯ ಮೊಳೆಗಳನ್ನು ಮಾಡಿಸಿದ್ದರಿಂದ ಅಕ್ಷರದ ರೂಪ ಊರಿನಿಂದ ಊರಿಗೆ, ಕೈಯಿಂದ ಕೈಗೆ ಬದಲಾಗುವುದು ನಿಂತಿತು. ಇವೆಲ್ಲ ಕೂಡಿದಾಗ, ಹಿಂದೆಂದೂ ಕೇಳಿರದ ವಾಕ್ಯವನ್ನು ಗುರುವಿನ ನೆರವಿಲ್ಲದೆ ಓದಿ ಅರ್ಥಮಾಡಿಕೊಳ್ಳುವುದು ಸಾಮಾನ್ಯ ಶಾಲೆ ಕಲಿತವನಿಗೂ ಸಾಧ್ಯವಾಯಿತು. ನಿನ್ನೆ ತಹಶೀಲ್ದಾರ ಯಾರಿಂದ ಎಷ್ಟು ಹಣ ಕಿತ್ತ ಎಂಬುದನ್ನು ಯಾರೂ ಬಾಯಿಪಾಠ ಮಾಡಿರುವುದಿಲ್ಲ. ಅದನ್ನು ಓದಬೇಕಾದರೆ ಅಪರಿಚಿತ ಗದ್ಯವನ್ನು ಓದುವ ಶಕ್ತಿ ಬೇಕು. ಪುರಾಣದ ಓದುಗ ವಾರ್ತೆಯ ಓದುಗನಾದದ್ದು ಇಲ್ಲಿ. ಹೀಗೆ ಒಬ್ಬ ಓದಬಲ್ಲವನು ಗಟ್ಟಿಯಾಗಿ ಓದಿದರೆ ಹತ್ತು ಮಂದಿ ಓದಲಾರದವರೂ ವಾರ್ತೆಯ ಪಾಲುದಾರರಾಗುತ್ತಿದ್ದರು; ಜನಗಣತಿಯ ಕಾಲಂನಲ್ಲಿ ಅವರಿಗೆ ಜಾಗವಿಲ್ಲ, ರಾಜಕೀಯದಲ್ಲಿ ಇದೆ.

ಇಲ್ಲಿಂದ ರಾಜಕೀಯಕ್ಕೆ ಬರೋಣ. ಇಂಗ್ಲಿಷ್ ಎಂ.ಎ. ಮಾಡಿದ ನನ್ನ ತಲೆಮಾರಿನವರಿಗೆ ಬೆನೆಡಿಕ್ಟ್ ಆಂಡರ್ಸನ್ ಹೇಳಿದ ಮಾತು ಬಾಯಿಪಾಠವಾಗಿದೆ: ಲಾಭಕ್ಕಾಗಿ ನಡೆದ ಮುದ್ರಣೋದ್ಯಮವು ಪರಸ್ಪರ ಕಾಣದ ಜನರಲ್ಲಿ ತಾವೆಲ್ಲ ಒಂದು ಸಮುದಾಯವೆಂಬ ಕಲ್ಪನೆಯನ್ನು ಬಿತ್ತಿತು. ಯುರೋಪಿನ ಮಟ್ಟಿಗೆ ಅದು ನಿಜವಿರಬಹುದು. ನಮ್ಮ ದೇಶೀಯ ಸಂಸ್ಥಾನಗಳಲ್ಲಿ ಪತ್ರಿಕೆಯ ಲಾಭಕ್ಕಿಂತ ಪತ್ರಿಕೆಯ ನಷ್ಟವೇ ಹೆಚ್ಚು ಇತಿಹಾಸ ನಿರ್ಮಿಸಿದೆ. ವಕ್ಕಂ ಅಬ್ದುಲ್ ಖಾದರ್ ಮೌಲವಿಯವರ ಕಥೆ ಇದಕ್ಕೆ ಸಾಕ್ಷಿ.

ಮೌಲವಿ ತಿರುವಾಂಕೂರಿನ ಅನುಕೂಲಸ್ಥ ಮುಸ್ಲಿಂ ಮನೆತನದವರು. 1905ರ ಜನವರಿ 19ರಂದು ಅವರು 'ಸ್ವದೇಶಾಭಿಮಾನಿ' ಎಂಬ ಮಲಯಾಳಂ ಪತ್ರಿಕೆಯನ್ನು ಆರಂಭಿಸಿದರು. ಅದಕ್ಕಾಗಿ ಸ್ವಂತ ಹಣದಿಂದ ಇಂಗ್ಲೆಂಡಿನಿಂದ ಅಚ್ಚಿನ ಯಂತ್ರ ತರಿಸಿದ್ದರು. ಆರಂಭಿಸಿದ ಸ್ಥಳ ಅಂಜುತೆಂಙು. ಇದು ತಿರುವಾಂಕೂರಿನ ಕರಾವಳಿಯಲ್ಲೇ ಇದ್ದರೂ ತಿರುವಾಂಕೂರಿಗೆ ಸೇರಿರಲಿಲ್ಲ. ಈಸ್ಟ್ ಇಂಡಿಯಾ ಕಂಪನಿಯ ಹಳೆಯ ಕೋಟೆಯಿದ್ದ ಆ ತುಂಡು ನೆಲ ನೇರವಾಗಿ ಬ್ರಿಟಿಷರ ಅಧೀನದಲ್ಲಿತ್ತು. ಅಲ್ಲಿ ಅಚ್ಚಾಗುವ ಪತ್ರಿಕೆಯ ಓದುಗರು ಸುತ್ತಲಿನ ಮಹಾರಾಜರ ಪ್ರಜೆಗಳು. ಆದರೆ ಅಚ್ಚುಕೂಟದ ಬಾಗಿಲಿಗೆ ಮಹಾರಾಜರ ಪೊಲೀಸರು ಬರುವಂತಿರಲಿಲ್ಲ. ಯಂತ್ರ ಎಂಥದ್ದು ಎಂಬುದಕ್ಕಿಂತ ಯಂತ್ರ ಯಾವ ಗಡಿಯೊಳಗೆ ಕುಳಿತಿದೆ ಎಂಬುದು ಇಲ್ಲಿ ಮುಖ್ಯ. 1906ರ ಆರಂಭದಲ್ಲಿ ಕೆ. ರಾಮಕೃಷ್ಣ ಪಿಳ್ಳೆ ಸಂಪಾದಕರಾದರು, ಪತ್ರಿಕೆ ವಕ್ಕಂಗೆ ಬಂತು. 1907ರಲ್ಲಿ ತಿರುವನಂತಪುರಕ್ಕೇ ಸ್ಥಳಾಂತರವಾಯಿತು. ಓದುಗನ ಹತ್ತಿರಕ್ಕೆ, ಸುದ್ದಿಯ ಹತ್ತಿರಕ್ಕೆ, ಹಾಗೆಯೇ ಬಂಧನದ ಹತ್ತಿರಕ್ಕೆ.

ಪಿಳ್ಳೆ ದಿವಾನ ಪಿ. ರಾಜಗೋಪಾಲಾಚಾರಿಯವರ ಆಡಳಿತವನ್ನೂ ನಡತೆಯನ್ನೂ ಹೆಸರಿಟ್ಟು ಟೀಕಿಸಿದರು. ಅರಮನೆಯ ಸುತ್ತ ಸೇರಿದ್ದ ಸೇವಕರ ಕೂಟವನ್ನೂ ಬಿಡಲಿಲ್ಲ. ಪರಿಣಾಮ ತಿಳಿದದ್ದೇ. 1910ರ ಸೆಪ್ಟೆಂಬರ್ 26ರಂದು ಅಚ್ಚುಕೂಟಕ್ಕೆ ಬೀಗ ಬಿತ್ತು, ಯಂತ್ರ ಸರ್ಕಾರದ ವಶವಾಯಿತು, ಪಿಳ್ಳೆಯವರನ್ನು ಬಂಧಿಸಿ ಸಂಸ್ಥಾನದ ಗಡಿ ದಾಟಿಸಲಾಯಿತು. ವಿಚಾರಣೆಯಿಲ್ಲ, ನ್ಯಾಯಾಲಯವಿಲ್ಲ, ಒಂದು ರಾಜಶಾಸನ ಸಾಕಾಯಿತು. ಅವರು ಮತ್ತೆ ತಿರುವಾಂಕೂರಿಗೆ ಕಾಲಿಡಲಾಗಲಿಲ್ಲ. ಹೊರಗಿದ್ದುಕೊಂಡೇ ತಮ್ಮ ಗಡೀಪಾರಿನ ಕಥೆಯನ್ನೂ, ಪತ್ರಿಕಾವೃತ್ತಿಯ ಬಗ್ಗೆ ಒಂದು ಗ್ರಂಥವನ್ನೂ, 1912ರಲ್ಲಿ ಮಲಯಾಳಂನಲ್ಲಿ ಕಾರ್ಲ್ ಮಾರ್ಕ್ಸ್ ಜೀವನಚರಿತ್ರೆಯನ್ನೂ ಬರೆದರು. 1916ರಲ್ಲಿ ಕಣ್ಣೂರಿನಲ್ಲಿ ತೀರಿಕೊಂಡರು. ಯಂತ್ರ ಕಳೆದುಕೊಂಡ ಮೌಲವಿ ಬರವಣಿಗೆ ಬಿಡಲಿಲ್ಲ. 1918ರಲ್ಲಿ 'ಅಲ್ ಇಸ್ಲಾಂ' ಎಂಬ ಪತ್ರಿಕೆ ತೆಗೆದಾಗ ಅವರು ಆರಿಸಿಕೊಂಡದ್ದು ಅರಬಿ ಲಿಪಿಯಲ್ಲಿ ಬರೆದ ಮಲಯಾಳಂ. ಕೇರಳದ ಮುಸ್ಲಿಂ ಹೆಂಗಸರೂ ಗಂಡಸರೂ ಓದಬಲ್ಲ ಲಿಪಿ ಅದಾಗಿತ್ತು. ಓದುಗ ಯಾರು ಎಂದು ಮೊದಲು ಕೇಳಿ ಆಮೇಲೆ ಲಿಪಿಯನ್ನು ನಿರ್ಧರಿಸಿದ ಪ್ರಕಾಶಕ ಅವರು.

ಇನ್ನೊಂದು ಪ್ರಶ್ನೆ. ಆಳುವವರಿಗೆ ಅಚ್ಚಿನ ಭಯವಿತ್ತೋ, ಭಾಷೆಯ ಭಯವಿತ್ತೋ? 1878ರಲ್ಲಿ ಲಾರ್ಡ್ ಲಿಟನ್ ತಂದ ದೇಶಭಾಷಾ ಪತ್ರಿಕೆಗಳ ಕಾಯಿದೆಯೇ ಉತ್ತರ ಹೇಳುತ್ತದೆ. ಮುದ್ರಕನಿಂದ ಮುಚ್ಚಳಿಕೆ ಬರೆಸಿಕೊಳ್ಳುವ, ಠೇವಣಿ ಕೇಳುವ, ಯಂತ್ರವನ್ನೇ ವಶಪಡಿಸಿಕೊಳ್ಳುವ ಅಧಿಕಾರವನ್ನು ಅದು ಮ್ಯಾಜಿಸ್ಟ್ರೇಟರಿಗೆ ಕೊಟ್ಟಿತು. ಅವರ ತೀರ್ಮಾನದ ಮೇಲೆ ನ್ಯಾಯಾಲಯಕ್ಕೆ ಮೇಲ್ಮನವಿ ಇರಲಿಲ್ಲ. ಆದರೆ ಇಂಗ್ಲಿಷ್ ಪತ್ರಿಕೆಗಳಿಗೆ ಅದು ಅನ್ವಯಿಸಲಿಲ್ಲ. ಕಲ್ಕತ್ತೆಯ 'ಅಮೃತ ಬಜಾರ್ ಪತ್ರಿಕಾ' ರಾತ್ರೋರಾತ್ರಿ ಬಂಗಾಳಿ ಬಿಟ್ಟು ಇಂಗ್ಲಿಷ್ ಪತ್ರಿಕೆಯಾಗಿ ಪಾರಾದದ್ದು ಇದೇ ಸಂದಿಯಿಂದ. ಅಚ್ಚುಕೂಟ ಅದೇ, ಅಭಿಪ್ರಾಯವೂ ಅದೇ. ಭಾಷೆ ಬದಲಾದೊಡನೆ ಅಪರಾಧ ಮಾಯವಾಯಿತು. ಸರ್ಕಾರ ನಮ್ಮ ಉತ್ಸವ ಭಾಷಣಕಾರರಿಗಿಂತ ಸೂಕ್ಷ್ಮವಾಗಿ ಯೋಚಿಸಿತ್ತು. ಇಂಗ್ಲಿಷಿನಲ್ಲಿ ಬರೆದದ್ದು ಮೇಲಧಿಕಾರಿಗೆ ಸಲ್ಲಿಸಿದ ಮನವಿ. ದೇಶಭಾಷೆಯಲ್ಲಿ ಬರೆದದ್ದು ಕಚೇರಿಯ ಮುಂದೆ ಸಾಲಿನಲ್ಲಿ ನಿಂತವನಿಗೆ ಕೊಟ್ಟ ಸಾಕ್ಷ್ಯ. ಮನವಿಯನ್ನು ಕಡತದಲ್ಲಿ ಮಡಚಿಡಬಹುದು, ಸಾಕ್ಷ್ಯವನ್ನು ಮಡಚಿಡಲಾಗದು. ಲಾರ್ಡ್ ರಿಪನ್ನರ ಕಾಲದಲ್ಲಿ ಆ ಕಾಯಿದೆ ರದ್ದಾಯಿತು. ಆದರೆ ಅದರ ಬುದ್ಧಿ ಸಾಯಲಿಲ್ಲ. ಸಂಸ್ಥಾನಗಳಲ್ಲಿ ಬದುಕಿ ಉಳಿಯಿತು.

ಈಗ ಕನ್ನಡಿಗರು ಕೇಳಲು ಇಷ್ಟಪಡದ ಭಾಗ. ತಿರುವನಂತಪುರದ ಸೆಕ್ರೆಟೇರಿಯಟ್ ಎದುರಿನ 'ಸ್ಟ್ಯಾಚ್ಯೂ' ವೃತ್ತದಲ್ಲಿ ಒಬ್ಬ ಮಾಧವರಾಯರ ಪ್ರತಿಮೆಯಿದೆ. ಅವರು ಸರ್ ಟಿ. ಮಾಧವರಾವ್, ಹಿಂದಿನ ತಲೆಮಾರಿನ ದಿವಾನರು. ನಾನು ಹೇಳಹೊರಟಿರುವುದು ಇನ್ನೊಬ್ಬ ಮಾಧವರಾಯರ ವಿಷಯ: ವಿ.ಪಿ. ಮಾಧವರಾವ್. ಇವರು 1904ರಲ್ಲಿ ತಿರುವಾಂಕೂರಿನ ದಿವಾನರಾಗಿ, ಮೈಸೂರಿನ ಪ್ರಜಾಪ್ರತಿನಿಧಿ ಸಭೆಯ ಮಾದರಿಯಲ್ಲಿ ಅಲ್ಲಿ ಶ್ರೀಮೂಲಂ ಪ್ರಜಾಸಭೆಯನ್ನು ಸ್ಥಾಪಿಸಿದರು. 1906ರಲ್ಲಿ ಮೈಸೂರಿನ ದಿವಾನರಾಗಿ ಬಂದರು. 1908ರಲ್ಲಿ ಅವರ ಆಡಳಿತವೇ ಮೈಸೂರು ವೃತ್ತಪತ್ರಿಕೆಗಳ ಶಾಸನವನ್ನು ತಂದಿತು. ಪತ್ರಿಕೆ ಹೊರಡಿಸಬೇಕಾದರೆ ಸರ್ಕಾರದ ಅನುಮತಿ ಮೊದಲೇ ಬೇಕು. ಕೊಟ್ಟ ಅನುಮತಿಯನ್ನು ಸರ್ಕಾರ ಹಿಂತೆಗೆದುಕೊಳ್ಳಬಹುದು. ಇದನ್ನು ಪ್ರತಿಭಟಿಸಿ ತಾತಯ್ಯನೆಂದೇ ಹೆಸರಾದ ಎಂ. ವೆಂಕಟಕೃಷ್ಣಯ್ಯನವರು ತಾವು ನಡೆಸುತ್ತಿದ್ದ ಪತ್ರಿಕೆಗಳನ್ನೇ ನಿಲ್ಲಿಸಿದರು.

ಒಂದು ಕಡೆ ಪ್ರಜೆಗಳ ಮಾತಿಗೆ ಸಭೆ, ಇನ್ನೊಂದು ಕಡೆ ಪ್ರಜೆಗಳ ಅಕ್ಷರಕ್ಕೆ ಅನುಮತಿ ಚೀಟಿ. ಇದರಲ್ಲಿ ವಿರೋಧಾಭಾಸವಿಲ್ಲ ಎಂಬುದೇ ನನ್ನ ವಾದ. ಸಭೆಗೆ ಯಾರು ಬರಬೇಕು, ವರ್ಷಕ್ಕೆ ಎಷ್ಟು ದಿನ ಮಾತಾಡಬೇಕು, ಯಾವುದನ್ನು ದಾಖಲಿಸಬೇಕು ಎಂಬುದು ದಿವಾನರ ಕೈಯಲ್ಲಿತ್ತು. ಪತ್ರಿಕೆಯ ಓದುಗ ಯಾರೆಂಬುದು ಅವರ ಕೈಯಲ್ಲಿರಲಿಲ್ಲ. ಆಡಳಿತ ಸಹಿಸಲಾರದೆ ಹೋದದ್ದು ಟೀಕೆಯನ್ನಲ್ಲ. ಲೆಕ್ಕಕ್ಕೆ ಸಿಗದ ಕೇಳುಗರನ್ನು.

ಮೈಸೂರು ಮತ್ತು ತಿರುವಾಂಕೂರುಗಳ ವಿಧಾನದಲ್ಲಿ ಒಂದು ವ್ಯತ್ಯಾಸವಿದೆ. ಸರ್ಕಾರಿ ನೌಕರನಾದ ನನಗೆ ಅದು ಎದ್ದು ಕಾಣುತ್ತದೆ. ತಿರುವಾಂಕೂರು ಒಬ್ಬ ಸಂಪಾದಕನ ಹೆಸರು ಹಿಡಿದು ಶಾಸನ ಹೊರಡಿಸಿ, ಎಲ್ಲರ ಕಣ್ಣೆದುರು ಗಡೀಪಾರು ಮಾಡಿತು. ಆ ಗದ್ದಲವೇ ಅವರನ್ನು ಅಮರನನ್ನಾಗಿಸಿತು. ಇಂದು ತಿರುವನಂತಪುರದ ಪಾಳಯಂನಲ್ಲಿ ಪಿಳ್ಳೆಯವರ ಪ್ರತಿಮೆ ನಿಂತಿದೆ. ಮೈಸೂರು ಯಾರ ಹೆಸರನ್ನೂ ಹಿಡಿಯಲಿಲ್ಲ. ಎಲ್ಲರಿಗೂ ಅನ್ವಯಿಸುವ ನಿಯಮವೊಂದನ್ನು ಬರೆಯಿತು. ಅರ್ಜಿ, ಅನುಮತಿ, ಅನುಮತಿಯ ರದ್ದು. ಹೀಗೆ ನಿಯಮದಿಂದ ನಿಂತುಹೋದ ಪತ್ರಿಕೆಗೆ ಹುತಾತ್ಮನೆಂಬ ಹೆಸರು ಸಿಗುವುದಿಲ್ಲ. ಹಾಳೆಯೊಂದು ಬರದೆ ಹೋಗುತ್ತದೆ, ಅಷ್ಟೆ. ಕೇರಳದ ಪತ್ರಕರ್ತರಿಗೆ ಸೆಪ್ಟೆಂಬರ್ 26 ನೆನಪಿದೆ. ನಮ್ಮಲ್ಲಿ 1908ನ್ನು ನೆನೆಯುವ ದಿನವಿಲ್ಲ. ನಾವು ಆರಿಸಿಕೊಂಡಿರುವುದು 1843ನ್ನು. ಅದು ಯಾರನ್ನೂ ನೋಯಿಸದ, ಯಾವ ಆಡಳಿತವನ್ನೂ ಪ್ರಶ್ನಿಸದ ದಿನಾಂಕ.

ಮೋಗ್ಲಿಂಗರನ್ನು ಕಡೆಗಣಿಸುವುದು ಕೃತಘ್ನತೆಯಲ್ಲವೆ ಎಂದು ಕೇಳಬಹುದು. ಅವರ ವಿದ್ವತ್ತಿಗೆ, ಅವರು ಬೆಳಕಿಗೆ ತಂದ ಕನ್ನಡ ಕಾವ್ಯಗಳಿಗೆ ನಾನು ತಲೆಬಾಗುತ್ತೇನೆ. ಆದರೆ 'ಮಂಗಳೂರ ಸಮಾಚಾರ' ಒಂದು ವರ್ಷ ತುಂಬುವ ಮೊದಲೇ ಅಚ್ಚುಮೊಳೆಯ ಸೌಲಭ್ಯವಿದ್ದ ಬಳ್ಳಾರಿಗೆ ಹೋಗಿ 'ಕನ್ನಡ ಸಮಾಚಾರ'ವಾಯಿತು. ಅದರ ಬೇರು ಮಿಷನ್ನಿನಲ್ಲಿತ್ತು, ಓದುಗರಲ್ಲಿರಲಿಲ್ಲ. ಮೊದಲನೆಯದಾಗುವುದು ಒಂದು ಗೌರವ; ಕಾರಣವಾಗುವುದು ಬೇರೆ ಮಾತು.

ಹಾಗೆಂದು 'ಸ್ವದೇಶಾಭಿಮಾನಿ'ಯನ್ನು ಪೂಜೆಗಿಡುವುದೂ ನನ್ನ ಉದ್ದೇಶವಲ್ಲ. ಅದೇ 1910ರಲ್ಲಿ, ಪುಲಯ ಮಕ್ಕಳನ್ನು ಇತರ ಮಕ್ಕಳೊಂದಿಗೆ ಒಂದೇ ತರಗತಿಯಲ್ಲಿ ಕೂರಿಸಬೇಕೆಂಬ ಆದೇಶ ಬಂದಾಗ, ಪಿಳ್ಳೆಯವರ ಪತ್ರಿಕೆ ಅದನ್ನು ವಿರೋಧಿಸಿತು. ಕುದುರೆಯನ್ನೂ ಎಮ್ಮೆಯನ್ನೂ ಒಂದೇ ನೊಗಕ್ಕೆ ಕಟ್ಟಿದಂತೆ ಎಂಬ ಹೋಲಿಕೆ ಅದರ ಸಂಪಾದಕೀಯದಲ್ಲಿತ್ತು. ಪತ್ರಿಕೆ ಯಾರನ್ನು ದಬ್ಬಾಳಿಕೆಗಾರನೆಂದು ಜರಿಯುತ್ತಿತ್ತೋ ಆ ರಾಜಗೋಪಾಲಾಚಾರಿಯವರ ಸರ್ಕಾರವೇ ಆ ಮಕ್ಕಳಿಗೆ ಶಾಲೆಯ ಬಾಗಿಲು ತೆರೆಯಲು ಹೊರಟಿತ್ತು. ಮುದ್ರಣ ರಾಜಕೀಯವನ್ನು ವಿಸ್ತರಿಸಿತು ಎನ್ನುವವರು ಅದು ಎಲ್ಲಿಯವರೆಗೆ ವಿಸ್ತರಿಸಿ ಎಲ್ಲಿ ನಿಂತಿತು ಎಂಬುದನ್ನೂ ಹೇಳಬೇಕು. ದೇಶಭಾಷೆಯ ಪತ್ರಿಕೆ ತನ್ನ ಓದುಗನ ಪರವಾಗಿ ದಿವಾನರನ್ನು ಎದುರಿಸಬಲ್ಲದಾಗಿತ್ತು. ತನ್ನ ಓದುಗನ ಜಾತಿಯನ್ನು ಎದುರಿಸಲಾರದಾಗಿತ್ತು.

ಆ ಗೋಡೆಯನ್ನು ಒಡೆದವರು ಓದುಬರಹ ಬಾರದ ಒಬ್ಬ ಮನುಷ್ಯ. ಅಯ್ಯಂಕಾಳಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ತಮ್ಮ ಜನರ ಮಕ್ಕಳನ್ನು ಶಾಲೆಗೆ ಸೇರಿಸದಿದ್ದರೆ ಹೊಲಕ್ಕಿಳಿಯುವುದಿಲ್ಲವೆಂದು ಅವರು ಕೃಷಿಕಾರ್ಮಿಕರ ಮುಷ್ಕರ ಹೂಡಿದರು. 1907ರಲ್ಲಿ ಸಾಧುಜನ ಪರಿಪಾಲನ ಸಂಘವನ್ನು ಕಟ್ಟಿದರು. ಮುಂದೆ ಶ್ರೀಮೂಲಂ ಪ್ರಜಾಸಭೆಯ ನಾಮನಿರ್ದೇಶಿತ ಸದಸ್ಯರೂ ಆದರು. ಅಚ್ಚಿನಿಂದ ಅಕ್ಷರ, ಅಕ್ಷರದಿಂದ ರಾಜಕೀಯ ಎಂಬ ಸರಪಳಿ ಇಲ್ಲಿ ಸಂಪೂರ್ಣವಾಗಿ ತಿರುಗಿ ನಿಲ್ಲುತ್ತದೆ. ಮೊದಲು ಹೋರಾಟ, ಅದರಿಂದ ಶಾಲೆ, ಶಾಲೆಯಿಂದ ಅಕ್ಷರ, ಅಕ್ಷರದಿಂದ ಅಚ್ಚಾದುದಕ್ಕೆ ಓದುಗ. ಕೇರಳದ ಸಾಕ್ಷರತೆಯನ್ನು ಹೊಗಳುವಾಗ ಮೊದಲು ಬರಬೇಕಾದ ಹೆಸರು ಬೈಲಿಯವರದ್ದಲ್ಲ, ಅಯ್ಯಂಕಾಳಿಯವರದ್ದು.

ಇದೇ ಮಾತಿಗೆ ಕನ್ನಡ ನಾಡಿನೊಳಗೇ ಇನ್ನೊಂದು ಸಾಕ್ಷಿಯಿದೆ. ಈಳವ ಜಾತಿಯವರೆಂಬ ಕಾರಣಕ್ಕೆ ತಿರುವಾಂಕೂರಿನಲ್ಲಿ ಸರ್ಕಾರಿ ಕೆಲಸ ಸಿಗದ ಡಾ. ಪಲ್ಪು ಮೈಸೂರು ಸಂಸ್ಥಾನದ ವೈದ್ಯಕೀಯ ಸೇವೆಗೆ ಸೇರಿದರು. ಇಲ್ಲಿ ಸಂಬಳ ಪಡೆಯುತ್ತಲೇ ಅವರು 1896ರಲ್ಲಿ ಹದಿಮೂರು ಸಾವಿರಕ್ಕೂ ಹೆಚ್ಚು ಈಳವರ ಸಹಿಯಿರುವ ಮನವಿಯನ್ನು ತಿರುವಾಂಕೂರಿನ ಮಹಾರಾಜರಿಗೆ ಸಲ್ಲಿಸಿದರು. ಶಾಲೆಗಳಲ್ಲಿ ಪ್ರವೇಶ, ಸರ್ಕಾರಿ ಸೇವೆಯಲ್ಲಿ ಸ್ಥಾನ, ಅಷ್ಟೇ ಬೇಡಿಕೆ. ಮನವಿ ಫಲಿಸಲಿಲ್ಲ. ಎಸ್.ಎನ್.ಡಿ.ಪಿ. ಯೋಗ 1903ರಲ್ಲಿ ಹುಟ್ಟಿ, ಅದರ ಮುಖವಾಣಿ 'ವಿವೇಕೋದಯಂ' 1904ರಲ್ಲಿ ಕುಮಾರನ್ ಆಶಾನರ ಸಂಪಾದಕತ್ವದಲ್ಲಿ ಬಂತು. ಕ್ರಮ ಗಮನಿಸಿ: ಮೊದಲು ಸಹಿ, ಆಮೇಲೆ ಸಂಘಟನೆ, ಕೊನೆಗೆ ಪತ್ರಿಕೆ.

ಆದ್ದರಿಂದ ನನ್ನ ಬೇಡಿಕೆ ಚಿಕ್ಕದು. ಜುಲೈ 1ರ ಸಭೆಯಲ್ಲಿ ಕಲ್ಲಚ್ಚಿನ ಚಿತ್ರಕ್ಕೆ ಹಾರ ಹಾಕುವವರು ಹಾಕಲಿ. ಅದೇ ವೇದಿಕೆಯ ಮೇಲೆ 1908ರ ಮೈಸೂರಿನ ಶಾಸನವನ್ನೂ ಒಮ್ಮೆ ಪೂರ್ತಿಯಾಗಿ, ಗಟ್ಟಿಯಾಗಿ ಓದಲಿ. ಓದಲಾರದವರೂ ಕೇಳುವಂತೆ ಗಟ್ಟಿಯಾಗಿ.